ಮಕ್ಕಳ ಡಾಲರು ಅಲ್ಲಿರಲೋ, ಇಲ್ಲಿರಲೋ? ಎನ್.ಆರ್.ಇ. ಠೇವಿನ ನಿಜವಾದ ಬಡ್ಡಿಯ ಲೆಕ್ಕ



ಅಡಿಕೆ ವ್ಯಾಪಾರ ಮುಗಿದು ಸಾಲದ ಖಾತೆ ಚುಕ್ತಾ ಮಾಡಲು ಬರುವ ಸದಸ್ಯರಲ್ಲಿ ಈಚೆಗೆ ಹಲವರು ಒಂದು ಹೊಸ ಪ್ರಶ್ನೆಯನ್ನೂ ತರುತ್ತಿದ್ದಾರೆ. "ಸೆಕ್ರೆಟರಿ ಸಾಹೇಬ್ರ, ಮಗ ಅಮೇರಿಕಾದಾಗ ಅದಾನ. ಅಲ್ಲಿ ಬ್ಯಾಂಕಿನವರು ನಾಕೂವರಿ ಬಡ್ಡಿ ಕೊಡ್ತಾರಂತ, ಇಲ್ಲಿ ಏಳು. ರೊಕ್ಕ ಇಲ್ಲೇ ತರಸಲೇನ್ರಿ?" ಕಲಘಟಗಿ ಕಡೆಯ ತೋಟಿಗರೂ ಇದನ್ನೇ ಕೇಳುತ್ತಾರೆ, ಕುಂದಗೋಳ, ನವಲಗುಂದದ ಎರೆಹೊಲದ ಬೀಗರೂ ಇದನ್ನೇ ಕೇಳುತ್ತಾರೆ. ಹುಬ್ಬಳ್ಳಿ ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿದ ಮಕ್ಕಳು ಇಂದು ಅಮೇರಿಕಾದಲ್ಲೂ ದುಬೈಯಲ್ಲೂ ಇದ್ದಾರೆ. ಅವರು ಉಳಿಸಿದ ಹಣದ ಮೇಲೆ ಇಲ್ಲಿ ತೋಟ ಕೊಳ್ಳುವ, ಬೋರು ಹಾಕಿಸುವ, ತಂಗಿಯ ಮದುವೆ ಮಾಡುವ ಯೋಜನೆಗಳು ನಿಂತಿವೆ. ಏಳು ದೊಡ್ಡದೋ ನಾಲ್ಕೂವರೆ ದೊಡ್ಡದೋ ಎಂದು ನೋಡಿ ತೀರ್ಮಾನ ಮಾಡುವುದು ಹಸಿ ಅಡಿಕೆಯ ತೂಕ ನೋಡಿ ಒಣ ಅಡಿಕೆಯ ಹಣ ಎಣಿಸಿದಂತೆ. ನಡುವೆ ಒಣಗಿ ಹೋಗುವ ಭಾಗ ಎಷ್ಟೆಂಬುದು ತಿಳಿಯದೆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಒಣಗಿಸುವ ಸಂಗತಿಗಳು ಎರಡು: ರೂಪಾಯಿಯ ಬೆಲೆ ಇಳಿಯುವುದು ಒಂದು, ಬಡ್ಡಿಯ ಮೇಲೆ ತೆರಿಗೆ ಬೀಳುವುದು ಇನ್ನೊಂದು.

ಮೊದಲು ಎನ್.ಆರ್.ಇ. ಎಂದರೇನು ಎಂಬುದನ್ನು ಚಿಕ್ಕದಾಗಿ ತಿಳಿಯೋಣ. ಹೊರದೇಶದಲ್ಲಿ ವಾಸವಾಗಿರುವ ಭಾರತೀಯನು ಅಲ್ಲಿ ದುಡಿದ ಹಣವನ್ನು ಇಲ್ಲಿಯ ಬ್ಯಾಂಕಿಗೆ ಕಳಿಸಿ ರೂಪಾಯಿಯಲ್ಲಿ ಇಡುವ ಖಾತೆ ಇದು. ಡಾಲರು ಬಂದ ದಿನವೇ ರೂಪಾಯಿಯಾಗುತ್ತದೆ. ಅವಧಿ ಮುಗಿದ ಮೇಲೆ ಅಸಲನ್ನೂ ಬಡ್ಡಿಯನ್ನೂ ಪುನಃ ಡಾಲರು ಮಾಡಿ ಹಿಂದಕ್ಕೆ ಒಯ್ಯಲು ಯಾವ ಅಡ್ಡಿಯೂ ಇಲ್ಲ. ಮುದ್ದತಿ ಠೇವಾದರೆ ಕನಿಷ್ಠ ಒಂದು ವರ್ಷ ಇಡಬೇಕು. ಅದಕ್ಕಿಂತ ಮೊದಲೇ ಮುರಿದರೆ ಒಂದು ಪೈಸೆ ಬಡ್ಡಿಯೂ ಸಿಗದು. ಇದರ ಬಡ್ಡಿಗೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ. ನಮ್ಮಂತಹ ಪ್ರಾಥಮಿಕ ಸಹಕಾರ ಸಂಘವು ಈ ಠೇವನ್ನು ಸ್ವೀಕರಿಸುವಂತಿಲ್ಲವಾದ್ದರಿಂದ ಈ ಲೇಖನದಲ್ಲಿ ಸಂಘದ ಲಾಭವೇನೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಈಗ ಒಂದು ಲೆಕ್ಕ ಬಿಡಿಸೋಣ. ಇದಕ್ಕೆ ನಾನು ಆರಿಸಿಕೊಂಡಿರುವುದು ಮಾರ್ಚ್ 2012ರಿಂದ ಮಾರ್ಚ್ 2014ರವರೆಗಿನ ಎರಡು ವರ್ಷ. ಆರಿಸಲು ಕಾರಣವಿದೆ. ಡಿಸೆಂಬರ್ 2011ರವರೆಗೆ ಎನ್.ಆರ್.ಇ. ಬಡ್ಡಿಗೆ ರಿಸರ್ವ್ ಬ್ಯಾಂಕು ಮೇಲ್ಮಿತಿ ಹಾಕಿತ್ತು. ಆ ತಿಂಗಳು ಮಿತಿಯನ್ನು ತೆಗೆದೊಡನೆ ಬ್ಯಾಂಕುಗಳು ದರವನ್ನು ಶೇಕಡಾ 9ರ ಸುತ್ತ ಏರಿಸಿದವು. ಶೇಕಡಾ 9 ಬಡ್ಡಿ, ಅದೂ ತೆರಿಗೆ ಇಲ್ಲದೆ! ಹೊರದೇಶದಲ್ಲಿದ್ದ ಎಷ್ಟೋ ಮಕ್ಕಳು ಅಂದು ಹಣ ಕಳಿಸಿದರು.

ಒಬ್ಬ ಮಗ 10,000 ಡಾಲರು ಕಳಿಸಿದನೆಂದು ಇಟ್ಟುಕೊಳ್ಳಿ. ಮಾರ್ಚ್ 2012ರ ಕೊನೆಗೆ ಡಾಲರಿನ ಉಲ್ಲೇಖ ದರ 51 ರೂಪಾಯಿ 16 ಪೈಸೆ. ಹಾಗಾಗಿ ಖಾತೆಗೆ ಜಮೆಯಾದದ್ದು 5,11,600 ರೂಪಾಯಿ. ಶೇಕಡಾ 9ರ ದರದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಮೊದಲ ವರ್ಷದ ಬಡ್ಡಿ ಸುಮಾರು 47,600, ಎರಡನೆಯ ವರ್ಷದ್ದು ಸುಮಾರು 52,000. ಎರಡು ವರ್ಷದ ಕೊನೆಗೆ ಕೈಗೆ ಬಂದದ್ದು 6,11,275 ರೂಪಾಯಿ. ರೂಪಾಯಿಯ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ಸ್ವಲ್ಪವೇ ಕಡಿಮೆ ಗಳಿಕೆ. ತಂದೆಗೆ ಸಂತೋಷ.

ಆದರೆ ಮಾರ್ಚ್ 2014ರ ಕೊನೆಗೆ ಡಾಲರಿನ ಬೆಲೆ 60 ರೂಪಾಯಿ 10 ಪೈಸೆ ಆಗಿತ್ತು. ನಡುವೆ, ಆಗಸ್ಟ್ 2013ರಲ್ಲಿ, ಅದು 68 ರೂಪಾಯಿಯನ್ನೂ ದಾಟಿ ಇಳಿದಿತ್ತು. ಈ 6,11,275 ರೂಪಾಯಿಯನ್ನು 60.10ರಿಂದ ಭಾಗಿಸಿ ನೋಡಿ: 10,171 ಡಾಲರು. ಎರಡು ವರ್ಷ ಶೇಕಡಾ 9ರಂತೆ ಬಡ್ಡಿ ಪಡೆದು ಮಗನಿಗೆ ಡಾಲರಿನಲ್ಲಿ ಉಳಿದದ್ದು 171. ವರ್ಷಕ್ಕೆ ಶೇಕಡಾ ಒಂದೂ ಬೀಳಲಿಲ್ಲ. ಬ್ಯಾಂಕಿನವರು ಮೋಸ ಮಾಡಲಿಲ್ಲ. ಬರೆದುಕೊಟ್ಟ ಬಡ್ಡಿಯನ್ನು ಪೈಸೆ ಬಿಡದೆ ಕೊಟ್ಟರು. ಆದರೆ ರೂಪಾಯಿ ಇಳಿದರೆ ಆ ಹೊರೆ ಎನ್.ಆರ್.ಇ. ಖಾತೆಯಲ್ಲಿ ಠೇವುದಾರನದು, ಬ್ಯಾಂಕಿನದಲ್ಲ. ಕರಾರಿನಲ್ಲಿಯೇ ಹಾಗಿದೆ.

ಇಷ್ಟಕ್ಕೇ ಮುಗಿದಿದ್ದರೆ ದೊಡ್ಡ ಮಾತಾಗುತ್ತಿರಲಿಲ್ಲ. ಆ ದಿನಗಳಲ್ಲಿ ಅಮೇರಿಕಾದ ಉಳಿತಾಯ ಖಾತೆಗಳೂ ಶೇಕಡಾ ಒಂದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಒಂದರ ಲೆಕ್ಕದಲ್ಲಿ ಅಲ್ಲಿಯೇ ಇಟ್ಟಿದ್ದರೂ ಎರಡು ವರ್ಷಕ್ಕೆ 10,201 ಆಗುತ್ತಿತ್ತು. ಎರಡೂ ಸರಿಸಮ ಎನ್ನಬಹುದು. ನಿಜವಾದ ಪೆಟ್ಟು ಬಿದ್ದದ್ದು ತೆರಿಗೆಯಲ್ಲಿ.

"ಎನ್.ಆರ್.ಇ. ಬಡ್ಡಿಗೆ ತೆರಿಗೆ ಇಲ್ಲ" ಎಂಬ ಮಾತು ನಮ್ಮ ಕಡೆ ಪ್ರಚಾರದಲ್ಲಿದೆ. ಮಾತು ಸುಳ್ಳಲ್ಲ, ಅರ್ಧ ಮಾತ್ರ. ಭಾರತ ಸರಕಾರ ಬಿಟ್ಟುಕೊಟ್ಟದ್ದು ತನ್ನ ತೆರಿಗೆಯನ್ನು. ಮಗ ವಾಸವಾಗಿರುವ ದೇಶದ ತೆರಿಗೆಯನ್ನು ನಮ್ಮ ಸರಕಾರ ಬಿಟ್ಟುಕೊಡಲು ಬರುವುದಿಲ್ಲ. ಅಮೇರಿಕಾದ ಕಾನೂನು ಅಲ್ಲಿಯ ನಾಗರಿಕನಿಂದ, ಗ್ರೀನ್ ಕಾರ್ಡ್ ಉಳ್ಳವನಿಂದ, ಮತ್ತು ಕೆಲಸದ ವೀಸಾದ ಮೇಲೆ ಹೋಗಿ ಅಲ್ಲಿ ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಇರುವವನಿಂದಲೂ, ಪ್ರಪಂಚದಲ್ಲಿ ಎಲ್ಲಿ ಗಳಿಸಿದರೂ ಆ ವರಮಾನದ ಮೇಲೆ ತೆರಿಗೆ ಕೇಳುತ್ತದೆ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಬಂದ ಎನ್.ಆರ್.ಇ. ಬಡ್ಡಿಯೂ ಅದರಲ್ಲಿ ಸೇರಿತು. ಇಲ್ಲಿ ತೆರಿಗೆ ಕಟ್ಟಿದ್ದರೆ ಅಲ್ಲಿ ಅದನ್ನು ಕಳೆಯಬಹುದಿತ್ತು. ಇಲ್ಲಿ ಕಟ್ಟಿಯೇ ಇಲ್ಲವಾದ್ದರಿಂದ ಕಳೆಯಲು ಏನೂ ಇಲ್ಲ.

ನಮ್ಮ ಲೆಕ್ಕಕ್ಕೆ ಬರೋಣ. ಅಮೇರಿಕಾದ ಮಗ ಪ್ರತಿ ವರ್ಷದ ಬಡ್ಡಿಯನ್ನು ಆ ವರ್ಷದ ಸರಾಸರಿ ದರದಲ್ಲಿ ಡಾಲರು ಮಾಡಿ ತೋರಿಸಬೇಕು. ಸುಲಭಕ್ಕಾಗಿ ನಮ್ಮ ಹಣಕಾಸು ವರ್ಷವನ್ನೇ ಹಿಡಿದಿದ್ದೇನೆ. 2012-13ರ ಸರಾಸರಿ ಸುಮಾರು 54 ರೂಪಾಯಿ 40 ಪೈಸೆ, 2013-14ರದು 60 ರೂಪಾಯಿ 50 ಪೈಸೆ. ಎರಡು ವರ್ಷದ ಬಡ್ಡಿ ಸೇರಿ ಸುಮಾರು 1,735 ಡಾಲರು. ಅವನು ಶೇಕಡಾ 25ರ ದರ್ಜೆಯಲ್ಲಿದ್ದರೆ ತೆರಿಗೆ 434 ಡಾಲರು. ಕೈಯಲ್ಲಿ ಉಳಿದ ಗಳಿಕೆ 171, ಕಟ್ಟಬೇಕಾದದ್ದು 434. ಅಂದರೆ 10,000 ಇಟ್ಟವನ ಬಳಿ ತೆರಿಗೆ ಕಳೆದು 9,737 ಉಳಿಯಿತು. ಅಲ್ಲಿಯೇ ಶೇಕಡಾ ಒಂದಕ್ಕೆ ಇಟ್ಟಿದ್ದರೆ ತೆರಿಗೆ ಹೋಗಿ 10,151 ಇರುತ್ತಿತ್ತು.

ಏಕೆ ಹೀಗಾಯಿತು ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ತೆರಿಗೆಯವರು ಬಡ್ಡಿಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ, ಅದೂ ವರ್ಷವರ್ಷವೂ. ರೂಪಾಯಿ ಇಳಿದದ್ದರಿಂದ ಅಸಲು ಕರಗಿದ್ದನ್ನು ಆ ಬಡ್ಡಿಯಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಎಂದು ಹೇಳುವುದಿಲ್ಲ. ಅಸಲಿನ ನಷ್ಟಕ್ಕೆ ಅಲ್ಲಿ ಬೇರೆಯೇ ನಿಯಮಗಳಿವೆ. ಅದನ್ನು ಅಲ್ಲಿಯ ಲೆಕ್ಕಪರಿಶೋಧಕರನ್ನು ಕೇಳಿಯೇ ತಿಳಿಯಬೇಕು. ಬಡ್ಡಿ ದರ ದೊಡ್ಡದಾದಷ್ಟೂ ಮತ್ತು ರೂಪಾಯಿ ಜೋರಾಗಿ ಇಳಿದಷ್ಟೂ ಈ ಕತ್ತರಿ ಆಳವಾಗಿ ಕತ್ತರಿಸುತ್ತದೆ.

ಇದೇ ಹಣ ದುಬೈಯಲ್ಲಿರುವ ಮಗಳದಾಗಿದ್ದರೆ? ಅಲ್ಲಿಯ ದಿರ್ಹಮ್ ಅನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಆದ್ದರಿಂದ ರೂಪಾಯಿಯ ಎದುರು ದಿರ್ಹಮ್ ಏರಿಳಿಯುವುದೂ ಡಾಲರು ಏರಿಳಿಯುವುದೂ ಒಂದೇ. ಆದರೆ ಅಲ್ಲಿ ವ್ಯಕ್ತಿಯ ಆದಾಯದ ಮೇಲೆ ತೆರಿಗೆ ಇಲ್ಲ. ಆಕೆಗೆ 10,171 ಪೂರ್ತಿ ಉಳಿಯಿತು. ಒಂದೇ ತಾಯಿಯ ಮಕ್ಕಳು, ಒಂದೇ ಬ್ಯಾಂಕು, ಒಂದೇ ದಿನ ಇಟ್ಟ ಒಂದೇ ಮೊತ್ತ. ಆದರೂ ಫಲ ಬೇರೆ. "ಪಕ್ಕದ ಮನೆಯವರ ಮಗಳು ಇಟ್ಟಳು, ನಾವೂ ಇಡೋಣ" ಎಂಬುದು ಇಲ್ಲಿ ನಡೆಯದು. ಆಕೆ ಯಾವ ದೇಶದಲ್ಲಿದ್ದಾಳೆ ಎಂದು ಮೊದಲು ಕೇಳಬೇಕು.

ಕೆಟ್ಟ ಎರಡು ವರ್ಷವನ್ನು ಮಾತ್ರ ತೋರಿಸಿ ಹೆದರಿಸುವುದು ನ್ಯಾಯವಲ್ಲ. ಸಾಧಾರಣ ಎರಡು ವರ್ಷವನ್ನೂ ನೋಡೋಣ. ಮಾರ್ಚ್ 2023ರ ಕೊನೆಗೆ ಡಾಲರು 82.22, ಮಾರ್ಚ್ 2025ರ ಕೊನೆಗೆ 85.58. ಎರಡು ವರ್ಷದಲ್ಲಿ ಏರಿದ್ದು ಶೇಕಡಾ ನಾಲ್ಕಷ್ಟೇ. ಈ ಸಲ ಇಲ್ಲಿಯ ಬಡ್ಡಿ ಶೇಕಡಾ 7, ಅಲ್ಲಿಯದು ನಾಲ್ಕೂವರೆ ಎಂದು ಹಿಡಿಯುತ್ತೇನೆ. ಆಗಿನ ದರಗಳಿಗೆ ಇವು ಹತ್ತಿರ. 10,000 ಡಾಲರು 8,22,200 ರೂಪಾಯಿಯಾಗಿ, ಎರಡು ವರ್ಷಕ್ಕೆ 9,44,610 ಆಗಿ, ಮರಳಿ 11,038 ಡಾಲರಾಯಿತು. ಹೊರದೇಶದಲ್ಲೇ ಇಟ್ಟಿದ್ದರೆ 10,920. ತೆರಿಗೆ ಇಲ್ಲದ ದುಬೈಯ ಮಗಳಿಗೆ ಎನ್.ಆರ್.ಇ.ಯಿಂದ 118 ಡಾಲರು ಹೆಚ್ಚು. ಅಮೇರಿಕಾದ ಮಗ ಶೇಕಡಾ 24ರ ದರ್ಜೆಯವನಾದರೆ ಇಲ್ಲಿಯ ಠೇವಿಗೆ ಸುಮಾರು 351 ಡಾಲರು, ಅಲ್ಲಿಯದಕ್ಕೆ 221 ಡಾಲರು ತೆರಿಗೆ ಕಟ್ಟಬೇಕು. ಉಳಿಯುವುದು ಇಲ್ಲಿ 10,687, ಅಲ್ಲಿ 10,699. ಏಳಕ್ಕೂ ನಾಲ್ಕೂವರೆಗೂ ನಡುವೆ ಇದ್ದ ಎರಡೂವರೆ ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗದು. ಹಲವು ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನು ಬೇರೆ ಹಾಕುತ್ತವೆ. ಅದನ್ನು ನಾನು ಸೇರಿಸಿಲ್ಲ.

ಈ ಎರಡು ಉದಾಹರಣೆಗಳಿಂದ ಒಂದು ಸುಲಭವಾದ ಅಳತೆ ಹೊರಡುತ್ತದೆ. ಇಲ್ಲಿಯ ಬಡ್ಡಿಯಿಂದ ಅಲ್ಲಿಯ ಬಡ್ಡಿಯನ್ನು ಕಳೆಯಿರಿ. ಉಳಿದದ್ದು ರೂಪಾಯಿ ವರ್ಷಕ್ಕೆ ಎಷ್ಟು ಇಳಿದರೂ ತಾಳಬಹುದು ಎಂಬುದರ ಗಡಿ. ಏಳರಲ್ಲಿ ನಾಲ್ಕೂವರೆ ಹೋದರೆ ಎರಡೂವರೆ. ಡಾಲರಿನ ಬೆಲೆ ವರ್ಷಕ್ಕೆ ಶೇಕಡಾ ಎರಡೂವರೆಗಿಂತ ಕಡಿಮೆ ಏರಿದರೆ ಇಲ್ಲಿಟ್ಟದ್ದು ಲಾಭ, ಹೆಚ್ಚು ಏರಿದರೆ ಅಲ್ಲಿಟ್ಟದ್ದು ಲಾಭ. ಅಮೇರಿಕಾದವರು ಎರಡೂ ಬಡ್ಡಿಗಳಿಂದ ಮೊದಲು ತೆರಿಗೆ ಕಳೆದು ಆಮೇಲೆ ಈ ಲೆಕ್ಕ ಮಾಡಬೇಕು. ಶೇಕಡಾ 24 ಹೋದರೆ ಏಳು ಐದೂಕಾಲರ ಆಸುಪಾಸಿಗೆ ಬರುತ್ತದೆ, ನಾಲ್ಕೂವರೆ ಮೂರೂವರೆಗಿಂತ ಸ್ವಲ್ಪ ಕೆಳಗಿಳಿಯುತ್ತದೆ. ಗಡಿ ಎರಡಕ್ಕಿಂತ ಕೆಳಗೆ ಬರುತ್ತದೆ.

ಹಾಗಾದರೆ ರೂಪಾಯಿ ಸಾಮಾನ್ಯವಾಗಿ ಎಷ್ಟು ಇಳಿಯುತ್ತದೆ? ಮಾರ್ಚ್ 2005ರಲ್ಲಿ ಡಾಲರು 43.75 ಇತ್ತು, ಮಾರ್ಚ್ 2025ರಲ್ಲಿ 85.58. ಇಪ್ಪತ್ತು ವರ್ಷದ ಸರಾಸರಿ ತೆಗೆದರೆ ಡಾಲರು ವರ್ಷಕ್ಕೆ ಶೇಕಡಾ 3.4ರಂತೆ ಏರಿದೆ. ಆದರೆ ಈ ಸರಾಸರಿಯನ್ನು ನಂಬಿ ಕೂರುವುದು ನಮ್ಮ ಮಳೆಯ ಸರಾಸರಿಯನ್ನು ನಂಬಿ ಬಿತ್ತಿದಂತೆ. 2005ರಿಂದ 2010ರವರೆಗೆ ಐದು ವರ್ಷದಲ್ಲಿ ಡಾಲರು 43.75ರಿಂದ 45.14ಕ್ಕೆ ಮಾತ್ರ ಬಂತು. ನಡುವೆ 2008ರ ಜನವರಿಯಲ್ಲಿ 40ಕ್ಕಿಂತಲೂ ಕೆಳಗಿತ್ತು. ಆಮೇಲೆ ಮಾರ್ಚ್ 2011ರ 44.65ರಿಂದ ಮೂರೇ ವರ್ಷದಲ್ಲಿ 60 ದಾಟಿತು. ಹಿರಿಯ ಸದಸ್ಯರಿಗೆ 1966ರ ಜೂನ್ ನೆನಪಿರಬಹುದು. ಒಂದೇ ದಿನ 4.76 ಇದ್ದದ್ದು 7.50 ಆಯಿತು. 1991ರ ಜುಲೈ ಅಂತೂ ಎಲ್ಲರಿಗೂ ಗೊತ್ತು. ರೂಪಾಯಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸವೆಯುವುದಿಲ್ಲ. ಬಹುಕಾಲ ನಿಂತಿದ್ದು ಒಮ್ಮೆಲೇ ಜಾರುತ್ತದೆ. ಆದ್ದರಿಂದ ಎರಡು ಮೂರು ವರ್ಷದ ಠೇವಿನಲ್ಲಿ ಆ ಜಾರುವ ವರ್ಷ ಸಿಕ್ಕಿತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಮುಂಗಡ ಹೇಳುವವರು ನನಗೆ ಯಾರೂ ಸಿಕ್ಕಿಲ್ಲ, ಹೇಳುತ್ತೇವೆ ಎನ್ನುವವರು ಬಹಳ ಸಿಕ್ಕಿದ್ದಾರೆ.

ಇಲ್ಲಿ ಒಂದು ಸಂದೇಹ ಸಹಜ. "ನನ್ನ ಮಗ ಹಣ ಹಿಂದಕ್ಕೆ ಒಯ್ಯುವುದೇ ಇಲ್ಲ, ಇಲ್ಲಿಯೇ ತೋಟ ಕೊಳ್ಳುತ್ತಾನೆ. ನಮಗೆ ಡಾಲರಿನ ಲೆಕ್ಕ ಏಕೆ?" ಒಳ್ಳೆಯ ಪ್ರಶ್ನೆ. ಆದರೆ ಯಾವುದು ಲಾಭ ಎಂಬ ಉತ್ತರ ಇದರಿಂದ ಬದಲಾಗುವುದಿಲ್ಲ. 2012ರ ಮಗ ಡಾಲರನ್ನು ಅಲ್ಲಿಯೇ ಇಟ್ಟು 2014ರಲ್ಲಿ ತಂದಿದ್ದರೆ 10,201 ಡಾಲರಿಗೆ 6,13,080 ರೂಪಾಯಿ ಬರುತ್ತಿತ್ತು. ಇಲ್ಲಿಟ್ಟಿದ್ದರಿಂದ 6,11,275 ಬಂತು. ಡಾಲರಿನಲ್ಲಿ ಅಳೆದರೂ ರೂಪಾಯಿಯಲ್ಲಿ ಅಳೆದರೂ ಎರಡರ ನಡುವಿನ ಅಂತರ ಅಷ್ಟೇ, ಸೇರಿನಲ್ಲಿ ಅಳೆದರೂ ಕಿಲೋದಲ್ಲಿ ತೂಗಿದರೂ ಕಾಳು ಅಷ್ಟೇ ಇರುವಂತೆ.

ಬದಲಾಗುವುದು ಬೇರೊಂದು ಸಂಗತಿ: ಯಾವುದು ಗಟ್ಟಿ, ಯಾವುದು ಜೂಜು ಎಂಬುದು. ಎರಡು ವರ್ಷದ ನಂತರ ಪಕ್ಕದ ಎರಡೆಕರೆಗೆ ಇಂತಿಷ್ಟು ಲಕ್ಷ ಕೊಡಬೇಕೆಂದು ಮಾತಾಗಿದ್ದರೆ, ಬೇಕಾದದ್ದು ರೂಪಾಯಿ. ಆಗ ಎನ್.ಆರ್.ಇ. ಠೇವು ಗಟ್ಟಿ; ಅವಧಿ ಮುಗಿದ ದಿನ ಎಷ್ಟು ರೂಪಾಯಿ ಬರುವುದೆಂದು ಇಂದೇ ಪಾವತಿಯಲ್ಲಿ ಬರೆದಿರುತ್ತದೆ. ಡಾಲರನ್ನು ಅಲ್ಲಿಯೇ ಬಿಟ್ಟರೆ ಹೆಚ್ಚು ಬಂದರೂ ಬಂದೀತು, ಕಡಿಮೆ ಬಂದರೂ ಬಂದೀತು. ಅದೇ ಹಣ ಅಮೇರಿಕಾದಲ್ಲಿ ಮನೆಯ ಮುಂಗಡಕ್ಕೋ ಮೊಮ್ಮಗಳ ಕಾಲೇಜಿಗೋ ಬೇಕಿದ್ದರೆ ಲೆಕ್ಕ ತಿರುಗುಮುರುಗು. ಅಲ್ಲಿಯ ಖಾತೆ ಗಟ್ಟಿ, ಇಲ್ಲಿಯ ಠೇವು ಜೂಜು. ನನ್ನ ಅಭಿಪ್ರಾಯದಲ್ಲಿ ಬಡ್ಡಿಯ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹಣ ಎಲ್ಲಿ ಖರ್ಚಾಗುವುದು ಎಂಬುದೇ. ಶೇಕಡಾ ಅರ್ಧದ ಆಸೆಗೆ ಇಲ್ಲಿ ಬೇಕಾದ ಹಣವನ್ನು ಅಲ್ಲಿ, ಅಲ್ಲಿ ಬೇಕಾದದ್ದನ್ನು ಇಲ್ಲಿ ಇಟ್ಟವರು ಬೆವರುವುದನ್ನು ನೋಡಿದ್ದೇನೆ.

ಬ್ಯಾಂಕು ಭಾರತದ್ದೇ ಇರಲಿ, ಆದರೆ ರೂಪಾಯಿಯ ಇಳಿತ ಬೇಡ ಎನ್ನುವವರಿಗೆ ಎಫ್.ಸಿ.ಎನ್.ಆರ್. ಎಂಬ ಇನ್ನೊಂದು ಠೇವು ಇದೆ. ಒಂದರಿಂದ ಐದು ವರ್ಷ ಡಾಲರಿನಲ್ಲಿಯೇ ಇದ್ದು ಡಾಲರಿನಲ್ಲಿಯೇ ಮರಳುತ್ತದೆ. ಇಲ್ಲಿ ತೆರಿಗೆ ಇಲ್ಲ. ಬಡ್ಡಿ ಎನ್.ಆರ್.ಇ.ಗಿಂತ ಸಾಮಾನ್ಯವಾಗಿ ಕಡಿಮೆ. ಅಮೇರಿಕಾದ ತೆರಿಗೆ ಇದಕ್ಕೂ ತಪ್ಪದು.

ಇನ್ನು ಲೆಕ್ಕದ ಹೊರಗೆ ಸೋರುವ ಕೆಲವು ತೂತುಗಳು. ಮೊದಲನೆಯದು ನಾಣ್ಯ ಬದಲಾಯಿಸುವಾಗಿನ ಅಂತರ. ಮೇಲಿನ ಲೆಕ್ಕದಲ್ಲಿ ನಾನು ಹಿಡಿದದ್ದು ಉಲ್ಲೇಖ ದರ; ಬ್ಯಾಂಕು ಆ ದರ ಕೊಡುವುದಿಲ್ಲ. ಡಾಲರು ಕೊಳ್ಳುವಾಗ ಸ್ವಲ್ಪ ಕಡಿಮೆಗೆ, ಮಾರುವಾಗ ಸ್ವಲ್ಪ ಹೆಚ್ಚಿಗೆ, ನಮ್ಮ ದಲಾಲರಂತೆಯೇ. ಡಾಲರಿಗೆ 50 ಪೈಸೆಯಂತೆ ಹೋಗುವಾಗಲೂ ಬರುವಾಗಲೂ ಹೋದರೆ ಒಂದು ರೂಪಾಯಿ, ಅಂದರೆ 85ರಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು. ಒಂದು ವರ್ಷದ ಠೇವಿಗೆ ಇದು ಗಡಿಯ ಅರ್ಧವನ್ನೇ ತಿಂದುಹಾಕುತ್ತದೆ. ಪತ್ತೆ ಮಾಡುವುದು ಸುಲಭ: ಹಣ ಜಮೆಯಾದ ದಿನದ ಉಲ್ಲೇಖ ದರವನ್ನೂ ಬ್ಯಾಂಕಿನ ತಿಳಿವಳಿಕೆ ಪತ್ರದಲ್ಲಿರುವ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ. "ಕಳಿಸಲು ಫೀ ಇಲ್ಲ" ಎನ್ನುವವರ ದರವನ್ನು ಎರಡು ಸಲ ನೋಡಿ.

ಎರಡನೆಯದು, ಅಡಿಕೆ ಮಾರಿದ ಹಣವನ್ನು ಮಗನ ಎನ್.ಆರ್.ಇ. ಖಾತೆಗೆ ಹಾಕಲು ಬರುವುದಿಲ್ಲ. ಇಲ್ಲಿಯ ವರಮಾನಕ್ಕೆ ಎನ್.ಆರ್.ಓ. ಎಂಬ ಬೇರೆ ಖಾತೆ. ಅದರ ಬಡ್ಡಿಗೆ ಇಲ್ಲಿಯೇ ತೆರಿಗೆ, ಅದೂ ಮೂಲದಲ್ಲಿಯೇ ಶೇಕಡಾ 30ರ ದರದಲ್ಲಿ ಮುರಿಯುತ್ತಾರೆ. ಮಗ ಕಳಿಸಿದ ಹಣವನ್ನು ತಂದೆ ತನ್ನ ಹೆಸರಿನಲ್ಲಿ ಠೇವು ಮಾಡಿದರೆ ಅದು ಎನ್.ಆರ್.ಇ. ಅಲ್ಲ. ಆ ಬಡ್ಡಿ ತಂದೆಯ ವರಮಾನ. ಅದಕ್ಕೆ ಈ ವಿನಾಯಿತಿ ಇಲ್ಲ.

ಮೂರನೆಯದು, ಮಗ ಕಾಯಮ್ಮಾಗಿ ಊರಿಗೆ ಮರಳಿದರೆ ಎನ್.ಆರ್.ಇ. ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಲೇಬೇಕು. ಠೇವಿನ ದರ ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ಆದರೆ ತೆರಿಗೆಯ ವಿನಾಯಿತಿ ಮುಂದುವರಿಯುವುದಿಲ್ಲ. ಸುಮ್ಮನಿದ್ದು ನಾಲ್ಕು ವರ್ಷದ ನಂತರ ನೋಟೀಸು ಬಂದಾಗ ಓಡಾಡುವುದು ಬೇಡ.

ಅಮೇರಿಕಾದಲ್ಲಿರುವವರಿಗೆ ಇನ್ನೂ ಒಂದು. ಹೊರದೇಶದ ಎಲ್ಲ ಖಾತೆಗಳೂ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರು ದಾಟಿದರೆ, ಬಡ್ಡಿ ಬರಲಿ ಬಿಡಲಿ, ಅಲ್ಲಿಯ ಖಜಾನೆಗೆ ಎಫ್‌.ಬಿ.ಎ.ಆರ್. ಎಂಬ ವರದಿ ಸಲ್ಲಿಸಬೇಕು. ದಂಡ ದೊಡ್ಡದು. ತಂದೆಯ ಜೊತೆ ಜಂಟಿಯಾಗಿರುವ ಖಾತೆಯೂ ಆ ಎಣಿಕೆಯಲ್ಲಿ ಸೇರುತ್ತದೆ. "ಅವರಿಗೆ ಹೇಗೆ ಗೊತ್ತಾಗಬೇಕು" ಎನ್ನುವ ಕಾಲ ಹೋಯಿತು. 2015ರಲ್ಲಿ ಎರಡು ಸರಕಾರಗಳ ನಡುವೆ ಒಪ್ಪಂದವಾಗಿ ಇಲ್ಲಿಯ ಬ್ಯಾಂಕುಗಳು ಅಲ್ಲಿಯ ತೆರಿಗೆದಾರರ ಖಾತೆಯ ವಿವರ ಒದಗಿಸುತ್ತಿವೆ.

ಮಗನಿಗೋ ಮಗಳಿಗೋ ಫೋನು ಮಾಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಹಣ ಯಾವಾಗ, ಯಾವ ದೇಶದಲ್ಲಿ ಬೇಕಾಗುತ್ತದೆ, ಅಲ್ಲಿಯ ಖಾತೆಯ ಬಡ್ಡಿ ಎಷ್ಟು, ಅವರ ಮೇಲಿನ ತೆರಿಗೆಯ ದರ್ಜೆ ಎಷ್ಟು, ಇಲ್ಲಿಯ ಬ್ಯಾಂಕು ಇಂದು ಡಾಲರಿಗೆ ಎಷ್ಟು ಕೊಡುತ್ತದೆ. ಚೀಟಿಯೊಂದಿಗೆ ಕಚೇರಿಗೆ ಬಂದರೆ ಮೇಲಿನ ರೀತಿಯಲ್ಲಿ ಲೆಕ್ಕ ಹಾಕಿ ಕೊಡಲಾಗುವುದು. ಸಂತೆಯ ದಿನ ಮಾತ್ರ ಬೇಡ, ಅಂದು ಗೊಬ್ಬರದ ಪಾಳಿ ಇರುತ್ತದೆ.